ನನ್ನ ಟೊಮೆಟೊ ವಿಡಿಯೋ ಮುಗಿದ ಮೇಲೆ ಹೊಸಕೋಟೆ ಸೈಟ್!

ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ. ವಿಜಯನಗರದ ನಮ್ಮ ಮನೆ ಟೆರೇಸಿನ ತರಕಾರಿ ಬಗ್ಗೆ ನಂದೊಂದು ಯೂಟ್ಯೂಬ್ ಚಾನೆಲ್ ಇದೆ. 38 ವಿಡಿಯೋ. ಜನ ಒಂದು ನೋಡಿ ಎದ್ದು ಹೋಗ್ತಾರೆ, ಕೊನೆಯಲ್ಲಿ ಬೇರೆ ವಿಡಿಯೋ ತೋರಿಸುವ ಎಂಡ್ ಸ್ಕ್ರೀನ್, ನಡುವೆ ಮೂಲೆಯಲ್ಲಿ ಬರುವ ಕಾರ್ಡ್, ಪ್ಲೇಲಿಸ್ಟ್ ಲಿಂಕ್ ಹಾಕಿಕೊಟ್ಟರೆ ಕೂತು ಸಾಲಾಗಿ ನೋಡ್ತಾರೆ ಅಂತ ಒಬ್ಬ ಹುಡುಗ ಹೇಳಿದ. 8,000 ರೂಪಾಯಿ. ಎಲ್ಲಾ ಅಡ್ವಾನ್ಸ್ ಕೊಟ್ಟೆ. ಹೌದು, ಎಲ್ಲಾ.

ವಾರದ ಮೇಲೆ ಓರಗಿತ್ತಿ ಫೋನ್ ಮಾಡಿದಳು. "ಅಕ್ಕಾ, ನಿಮ್ಮ ಟೊಮೆಟೊ ವಿಡಿಯೋ ಆದ್ಮೇಲೆ ಯಾರೋ ಹೊಸಕೋಟೇಲಿ ಸೈಟ್ ಮಾರ್ತಾ ಬಂದರಲ್ಲ?"

ಸುಮ್ನೆ ತಮಾಷೆ ಅಂದುಕೊಂಡೆ. ಡಿಸ್ಕ್ರಿಪ್ಷನ್‌ನ ಮೊದಲ ಸಾಲಲ್ಲಿದ್ದ ಲಿಂಕ್ ಒತ್ತಿದೆ. ನನ್ನ ವಿಡಿಯೋನೇ ಬಂತು. ಕೆಳಗೆ ಪ್ಲೇಲಿಸ್ಟ್ ಪಟ್ಟಿ ಬಿಚ್ಚಿದೆ. ಮೊದಲನೆಯದು ಮಾತ್ರ ನಂದು. ಎರಡನೆಯದು ಸೈಟು, ಮೂರನೆಯದು ಯಾವುದೋ ಜಿಮ್ಮು. ಪ್ಲೇಲಿಸ್ಟ್ ಹೆಸರಿನ ಕೆಳಗೆ ಇದ್ದದ್ದು ಅವನ ಚಾನೆಲ್ ಹೆಸರು! ಯಾರ ಪಬ್ಲಿಕ್ ವಿಡಿಯೋವನ್ನಾದರೂ ಯಾರು ಬೇಕಾದರೂ ತಮ್ಮ ಪ್ಲೇಲಿಸ್ಟಿಗೆ ಸೇರಿಸಿಕೊಳ್ಳಬಹುದು. ಲಿಂಕಿನಲ್ಲಿ `list=` ಅಂತ ಇದ್ದರೆ ಆ ಪಟ್ಟಿಯಲ್ಲಿ ಮುಂದಿನದೇ ತಾನಾಗಿ ಓಡುತ್ತದೆ. ಅಂದರೆ ಬೀಜ ನಂದು, ನೀರು ನಂದು, ಕಾಯಿ ಅವನ ಬೇರೆ ಗಿರಾಕಿಗಳಿಗೆ.

ಕೇಳಿದೆ. "ಬೇರೆ ಅಕೌಂಟ್ ಲಾಗಿನ್ ಆಗಿತ್ತು ಮೇಡಂ, ಮಿಸ್ಟೇಕು" ಅಂದ. 38 ವಿಡಿಯೋಗೂ ಮಿಸ್ಟೇಕಾ ಅಂದೆ. "ಜನ ಕೂತು ನೋಡೋ ಸೆಷನ್ ಟೈಮ್ ಜಾಸ್ತಿ ಆಯ್ತಲ್ವಾ ಮೇಡಂ, ನೀವು ಕೇಳಿದ್ದು ಅದೇ ತಾನೇ?" ಅಂದ. ಈ ಮಾತು ಇನ್ನೂ ಕಿವಿಯಲ್ಲಿದೆ. ಜಾಸ್ತಿ ಆಯ್ತಲ್ವಾ ಅಂತೆ!

ಆಮೇಲೆ ಉಳಿದದ್ದನ್ನೂ ನೋಡಿದೆ. ಒಂದು ವಿಡಿಯೋಗೆ ಐದು ಕಾರ್ಡ್ ಹಾಕಬಹುದು, ಐದೂ ಹಾಕಿದ್ದ. ಮೊದಲನೆಯದು 15ನೇ ಸೆಕೆಂಡಿಗೇ. ಮಣ್ಣು ಕಲಸೋಕೆ ಶುರು ಮಾಡುವ ಮುಂಚೆಯೇ ಜನರನ್ನು ಬೇರೆ ಕಡೆ ಕಳಿಸಿದರೆ ಯಾರು ಉಳಿಯುತ್ತಾರೆ? ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡಿನೊಳಗೆ ಮಾತ್ರ ಬರುತ್ತದೆ. ಅವನು ಕಣ್ಣುಮುಚ್ಚಿ ಎಲ್ಲದಕ್ಕೂ 20 ಕೊಟ್ಟಿದ್ದ. ನಾನು ಬೇವಿನೆಣ್ಣೆ ಅಳತೆ ತೋರಿಸುವುದು ಆ ಕೊನೆಯ ಹೊತ್ತಲ್ಲೇ. ಚಮಚದ ಮೇಲೆ ಸರಿಯಾಗಿ ಒಂದು ಡಬ್ಬಿ ಬಂದು ಕೂತಿದೆ. ಎಷ್ಟು ಹಾಕಬೇಕು ಅಂತ ಕಾಮೆಂಟಲ್ಲಿ ಜನ ಯಾಕೆ ಕೇಳ್ತಿದ್ದರು ಅಂತ ಆಗ ಗೊತ್ತಾಯ್ತು.

ದುಡ್ಡು ಕೊಡುವ ಮುಂಚೆ ಒಂದೇ ಒಂದು ವಿಡಿಯೋಗೆ ಮಾಡಿಸಿ. ಲಿಂಕನ್ನು ಲಾಗಿನ್ ಇಲ್ಲದ ಫೋನಿನಲ್ಲಿ ಒತ್ತಿ, ಪ್ಲೇಲಿಸ್ಟ್ ಯಾರ ಹೆಸರಲ್ಲಿದೆ ಅಂತ ನೋಡಿ. ಕೊನೆಯವರೆಗೆ ಕೂತು ನೋಡಿ. ಕೆಲಸ ಮುಗಿದ ದಿನವೇ ಸ್ಟುಡಿಯೋದ ಪರ್ಮಿಷನ್ಸ್‌ನಿಂದ ಅವರನ್ನು ತೆಗೆಯಿರಿ. ಸಿಹಿ ಮಾತಾಡುವವರನ್ನು ಮೊದಲು ತೆಗೆಯಿರಿ.

ದುಡ್ಡು ವಾಪಸ್ ಬಂದಿಲ್ಲ. 21 ವಿಡಿಯೋ ನಾನೇ ಸರಿ ಮಾಡಿದ್ದೇನೆ. ಇನ್ನೂ 17 ಇವೆ, ಅಲ್ಲಿವರೆಗೆ ಬದನೆಕಾಯಿ ನೋಡಿದವರು ಹೊಸಕೋಟೆ ಸೈಟನ್ನೂ ನೋಡಿಕೊಂಡು ಬನ್ನಿ.