ಬಣ್ಣ ಬಿಡುವ ಬಟ್ಟೆಗೆ ಉಪ್ಪೋ, ವಿನೆಗರೋ, ಬಿಸಿನೀರೋ? ನಾನು ಮಾಡಿ ನೋಡಿದ್ದು

ದಸರಾಕ್ಕೆಂದು ಕಡುಗೆಂಪು ಕಾಟನ್ ಬಟ್ಟೆ ತಂದು ಚೂಡಿದಾರ್ ಹೊಲಿಸಿದ್ದೆ. ಒಂದು ದಿನ ಹಾಕಿಕೊಂಡು, ಮಾರನೇ ದಿನ ಬಿಳಿ ಬಟ್ಟೆಗಳ ಜೊತೆ ಮಷೀನಿಗೆ ತುಂಬಿದೆ. ತಪ್ಪು ಅಲ್ಲಿಗೇ ಮುಗಿಯಲಿಲ್ಲ. ಮಷೀನು ನಿಂತ ಮೇಲೂ ಬಟ್ಟೆ ತೆಗೆಯದೆ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದೆ. ಮೂರು ಗಂಟೆ ಎಲ್ಲವೂ ಒದ್ದೆಯಾಗಿ ಒಂದರ ಮೇಲೊಂದು ಬಿದ್ದಿದ್ದವು. ಯಜಮಾನರ ಶರ್ಟು, ಬನಿಯನ್, ಪಂಚೆ, ಎಲ್ಲಾ ಗುಲಾಬಿ. ಶರ್ಟಿನ ಹೊಲಿಗೆ ದಾರ ಮಾತ್ರ ಬೆಳ್ಳಗೆ ಉಳಿದಿತ್ತು. ಅದು ಪಾಲಿಯೆಸ್ಟರ್ ದಾರ, ಕಾಟನ್ ಬಣ್ಣ ಅದಕ್ಕೆ ಹಿಡಿಯುವುದಿಲ್ಲ.

ಮಂಡ್ಯದ ನಾದಿನಿ ಫೋನಿನಲ್ಲಿ, "ಮೊದಲು ಉಪ್ಪುನೀರಲ್ಲಿ ನೆನೆಸಬೇಕಿತ್ತು ಅತ್ತಿಗೆ" ಅಂದಳು. ನಮ್ಮತ್ತೆಯೂ ಅದನ್ನೇ ಹೇಳುತ್ತಿದ್ದರು. ಹೇಗೂ ಟೈಲರ್ ಉಳಿದ ತುಂಡುಗಳನ್ನು ವಾಪಸ್ ಕೊಟ್ಟಿದ್ದರು. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಅಂಗೈ ಅಗಲದ ನಾಲ್ಕು ತುಂಡು ತೆಗೆದುಕೊಂಡೆ. ಒಂದನ್ನು ರಾತ್ರಿಯಿಡೀ ಉಪ್ಪುನೀರಲ್ಲಿಟ್ಟೆ, ಒಂದನ್ನು ವಿನೆಗರ್ ನೀರಲ್ಲಿ. ಮೂರನೆಯದನ್ನು ಸೋಪಿನಪುಡಿ ಹಾಕಿದ ಬಿಸಿನೀರಲ್ಲಿ ಮತ್ತೆ ಮತ್ತೆ ಒಗೆದೆ. ನಾಲ್ಕನೆಯದಕ್ಕೆ ಏನೂ ಮಾಡಲಿಲ್ಲ. ಆಮೇಲೆ ಒಂದೊಂದಕ್ಕೂ ಹಳೇ ಬಿಳಿ ಪಂಚೆಯ ಚೂರು ಸುತ್ತಿ, ಸೋಪುನೀರಲ್ಲಿ ಒಂದು ಗಂಟೆ ಬಿಟ್ಟೆ.

ಉಪ್ಪು ಮೋಸ ಮಾಡುವುದು ಇಲ್ಲೇ. ಬೆಳಿಗ್ಗೆ ಉಪ್ಪುನೀರು ನೋಡಿದರೆ ಹೆಚ್ಚುಕಡಿಮೆ ತಿಳಿಯಾಗಿತ್ತು. ಬಣ್ಣ ಕೂತುಬಿಟ್ಟಿದೆ ಅಂತಲೇ ಅನಿಸುತ್ತದೆ. ಆದರೆ ಸೋಪುನೀರಿಗೆ ಹಾಕಿದ ಮೇಲೆ ಪಂಚೆ ಚೂರು ಏನೂ ಮಾಡದ ತುಂಡಿನದರಷ್ಟೇ ಗುಲಾಬಿಯಾಯಿತು. ಉಪ್ಪು ಇರುವಷ್ಟು ಹೊತ್ತು ಬಣ್ಣವನ್ನು ಬಟ್ಟೆಯ ಕಡೆಗೇ ತಳ್ಳಿ ಇಡುತ್ತದೆ, ಕಟ್ಟಿ ಹಾಕುವುದಿಲ್ಲ. ಡೈ ಹಾಕುವವರು ಉಪ್ಪು ಬಳಸುವುದೂ ಬಣ್ಣ ನೂಲಿಗೆ ಹೋಗಲಿ ಅಂತ. ಕಾಟನ್‌ನಲ್ಲಿ ಜಾಸ್ತಿ ಬಳಸುವ ರಿಯಾಕ್ಟಿವ್ ಬಣ್ಣ ನೂಲಿಗೆ ಗಟ್ಟಿಯಾಗಿ ಅಂಟಿಕೊಳ್ಳಲು ಕ್ಷಾರ ಬೇಕು, ಅದಕ್ಕೆ ಅವರು ಸೋಡಾ ಹಾಕುತ್ತಾರೆ. ವಿನೆಗರ್ ತುಂಡೂ ಸೋತಿತು. ಹುಳಿ ಸಹಾಯ ಮಾಡುವುದು ರೇಷ್ಮೆ, ಉಣ್ಣೆಗೆ ಹಾಕುವ ಕೆಲವು ಬಣ್ಣಗಳಿಗೆ. ಕಾಟನ್‌ಗೆ ಹಾಕಿದರೆ ಸುಮ್ನೆ ವಾಸನೆ.

ಗೆದ್ದದ್ದು ಬಿಸಿನೀರು. ಹೊಸ ಬಟ್ಟೆಯಿಂದ ಹೊರಬರುವುದು ಡೈ ಹಾಕುವಾಗ ನೂಲಿಗೆ ಅಂಟದೆ ಉಳಿದ ಬಣ್ಣ. ಅದು ಇನ್ನು ಅಂಟುವುದೂ ಇಲ್ಲ. ಹಾಗಾಗಿ ಹೊರಗೆ ಕಳಿಸುವುದೇ ದಾರಿ. ಮೊದಲು ತಣ್ಣೀರಲ್ಲಿ ಜಾಲಾಡಿ, ಆಮೇಲೆ ಕೈ ಅದ್ದಲಾಗದಷ್ಟು ಬಿಸಿ, ಆದರೆ ಕುದಿಯದ ನೀರಲ್ಲಿ ಸೋಪಿನಪುಡಿ ಹಾಕಿ ಹತ್ತು ನಿಮಿಷ ಕೋಲಿನಿಂದ ತಿರುವುತ್ತಿದ್ದೆ. ನೀರು ಕೆಂಪಾದಂತೆಲ್ಲ ಚೆಲ್ಲಿ ಹೊಸದು ಹಾಕಿದೆ. ಐದನೇ ಸಲಕ್ಕೆ ನೀರು ತಿಳಿಯಾಯಿತು, ಪಂಚೆ ಚೂರೂ ಬೆಳ್ಳಗೇ ಇತ್ತು. ಎಂಟು ಸಲ ಒಗೆದರೂ ನೀರು ಕೆಂಪಾಗುತ್ತಲೇ ಇದ್ದರೆ ಆ ಬಣ್ಣವೇ ಸರಿಯಿಲ್ಲ, ಅದನ್ನು ಯಾವತ್ತೂ ಬೇರೆ ಒಗೆಯಿರಿ. ರೇಷ್ಮೆಗೆ ಈ ಬಿಸಿ ತೋರಿಸಬೇಡಿ.

ಇನ್ನು ಗುಲಾಬಿಯಾದ ಬಟ್ಟೆಗಳ ವಿಷಯ. ಒಣಗಿಸಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆಯಿದ್ದಾಗಲೇ ಇದೇ ಬಿಸಿ ಸೋಪುನೀರಲ್ಲಿ ಎರಡು ಸಲ ಒಗೆದದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಬಣ್ಣ ಹೋಯಿತು. ಉಳಿದದ್ದಕ್ಕೆ ಮೂರು ಬಟ್ಟೆಗೆ ಮೂರು ದಾರಿ ಹಿಡಿದೆ.

ಪಂಚೆ ಅಂಚಿಲ್ಲದ ಶುದ್ಧ ಕಾಟನ್. ನಾಲ್ಕು ಲೀಟರ್ ತಣ್ಣೀರಿಗೆ ಕಾಲು ಲೋಟ ಕ್ಲೋರಿನ್ ಬ್ಲೀಚ್ ಬೆರೆಸಿ ಅದ್ದಿದೆ, ಹತ್ತು ನಿಮಿಷಕ್ಕೆ ಬೆಳ್ಳಗಾಯಿತು. ಬೇಗ ಅಂದರೆ ಇದೇ. ಆದರೆ ಮರೆತು ಬಿಟ್ಟರೆ ನೂಲು ಸವೆದು ಜೀರ್ಣವಾಗುತ್ತದೆ. ಸುಕ್ಕು ಬೀಳದ ಶರ್ಟುಗಳು, ಎಲಾಸ್ಟಿಕ್, ರೇಷ್ಮೆ ಹಳದಿಯಾಗುತ್ತವೆ. ಬ್ಲೀಚಿನ ಜೊತೆ ವಿನೆಗರ್ ಬೆರೆಸಿದರೆ ವಿಷದ ಅನಿಲ ಬರುತ್ತದೆ, ಅದನ್ನಂತೂ ಮಾಡಲೇಬೇಡಿ.

ಶರ್ಟಿಗೆ ಆ ಧೈರ್ಯ ಬರಲಿಲ್ಲ. ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಪುಡಿ ತಂದು, ಅರ್ಧ ಬಕೆಟ್ ಬಿಸಿನೀರಿಗೆ ಮೂರು ಚಮಚ ಕರಗಿಸಿ ನಾಲ್ಕು ಗಂಟೆ ನೆನೆಸಿದೆ. ತಣ್ಣೀರಲ್ಲಿ ಇದು ಹೆಚ್ಚು ಕೆಲಸ ಮಾಡಲ್ಲ. ನೀರು ಆರಿದ ಮೇಲೆ ಹೊಸ ನೀರು, ಹೊಸ ಪುಡಿ ಹಾಕಿ ಇನ್ನೊಂದು ಸಲ ಮಾಡಬೇಕಾಯಿತು. ಎರಡನೇ ಸಲಕ್ಕೆ ಮೈಯೆಲ್ಲಾ ಬಿಳಿಯಾಯಿತು. ಕಾಲರ್ ಒಳಗೆ ಗಟ್ಟಿ ಪದರ ಇರುತ್ತದಲ್ವಾ, ಅಲ್ಲಿ ಮಾತ್ರ ಒಂದು ನಸುಗುಲಾಬಿ ಗೆರೆ ಉಳಿಯಿತು. ತಡವಾದರೂ ನನ್ನ ಓಟು ಇದಕ್ಕೇ.

ಬನಿಯನ್‌ಗೆ ನೀಲಿ ಹಾಕಿ ನೋಡಿದೆ. ಗುಲಾಬಿ ಮೇಲೆ ನೀಲಿ ಬಿದ್ದರೆ ಏನಾಗುತ್ತದೆ ಅಂತ ಮೊದಲೇ ಯೋಚಿಸಬೇಕಿತ್ತು. ಈಗ ಯಜಮಾನರು ಮನೆಯಲ್ಲಿ ನೇರಳೆ ಬನಿಯನ್ ಹಾಕಿಕೊಂಡು ಓಡಾಡುತ್ತಾರೆ.