ಸ್ಕ್ರ್ಯಾಂಬಲ್ಡ್ ಎಗ್: ಜೋರು ಉರಿಯೋ, ಸಣ್ಣ ಉರಿಯೋ?

ಮೂರು ಮೊಟ್ಟೆ, ಕಾಲು ಟೀ ಚಮಚ ಪುಡಿ ಉಪ್ಪು, ಒಂದು ಚಮಚ ಬೆಣ್ಣೆ. ಎರಡು ರೀತಿಗೂ ಸಾಮಾನು ಇಷ್ಟೇ. ಬೇರೆಯಾಗುವುದು ಉರಿ ಮತ್ತು ಉಪ್ಪು ಹಾಕುವ ಹೊತ್ತು.

ಜೋರು ಉರಿಯಲ್ಲಿ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡ ದೊಡ್ಡ ತುಂಡುಗಳು ಬೇಕಿದ್ದರೆ ಇದು ಸರಿ. ಆದರೆ ಹದ ತಪ್ಪಲು ಕೆಲವೇ ಸೆಕೆಂಡು ಸಾಕು. ಮೊಟ್ಟೆಯ ಪ್ರೋಟೀನ್ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಿಂದ ಗಟ್ಟಿಯಾಗಲು ಶುರುವಾಗುತ್ತದೆ. 80 ದಾಟಿದರೆ ಬಿಗಿಯಾಗಿ ಹೆಣೆದುಕೊಂಡು, ಒಳಗಿನ ನೀರನ್ನು ಹಿಂಡಿ ಹಾಕುತ್ತದೆ. ಆಗ ತುಂಡು ರಬ್ಬರಿನಂತೆ, ತಟ್ಟೆಯಲ್ಲಿ ನೀರು. ಎರಡಕ್ಕೂ ಕಾರಣ ಒಂದೇ ಅಲ್ವಾ!

ಸಣ್ಣ ಉರಿಗೆ ಐದಾರು ನಿಮಿಷ ಬೇಕು, ಕೈಯಾಡಿಸುತ್ತಲೇ ಇರಬೇಕು. ಅಂಚು ಬೇಗ ಗಟ್ಟಿಯಾದರೆ ಬಾಣಲೆಯನ್ನು ಅರ್ಧ ನಿಮಿಷ ಒಲೆಯಿಂದ ಎತ್ತಿ ಹಿಡಿಯಿರಿ. ಇನ್ನೂ ಸ್ವಲ್ಪ ಹಸಿ ಅನಿಸುವಾಗಲೇ ಇಳಿಸಿ. ಬಾಣಲೆಯ ಬಿಸಿಗೇ ಉಳಿದದ್ದು ಬೇಯುತ್ತದೆ. ಪೂರ್ತಿ ಬೆಂದ ಮೇಲೆ ಇಳಿಸಿದರೆ ತಟ್ಟೆಗೆ ಬರುವಷ್ಟರಲ್ಲಿ ಜಾಸ್ತಿ ಬೆಂದಿರುತ್ತದೆ.

ಉಪ್ಪನ್ನು ಕೊನೆಗೆ ಹಾಕಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಲಕಿದ ಮೊಟ್ಟೆಗೆ 15 ನಿಮಿಷ ಮೊದಲೇ ಹಾಕಿಡಿ. ಬಣ್ಣ ಗಾಢವಾಗಿ, ಮಿಶ್ರಣ ತೆಳ್ಳಗಾಗುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಉಪ್ಪು ಸೇರಿದ ಪ್ರೋಟೀನ್ ಅಷ್ಟು ಬಿಗಿಯಾಗಿ ಕೂಡುವುದಿಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋರು ಉರಿಯಲ್ಲೇ ಮಾಡುವವರಿಗೂ ಇದು ಸ್ವಲ್ಪ ಕಾಪಾಡುತ್ತದೆ, ಆದರೆ ಅತಿಯಾಗಿ ಬೆಂದದ್ದನ್ನು ಉಳಿಸುವುದಿಲ್ಲ.

ಕೆನೆಯಂತೆ ಬೇಕಿದ್ದರೆ ನನ್ನ ಆಯ್ಕೆ ಸಣ್ಣ ಉರಿ, ಮೊದಲೇ ಉಪ್ಪು.