ಜಿಡಿಯಲ್ಲಿ ಮೊದಲು ಮಾತೆತ್ತುವುದೋ, ಆಮೇಲೆ ಸೇರಿಕೊಳ್ಳುವುದೋ?

ಜಿಡಿ ಅಂದರೆ ಗುಂಪು ಚರ್ಚೆ: 10 ಜನ, 15 ನಿಮಿಷ. ಎಂಬಿಎ ಪ್ರವೇಶವಿರಲಿ, ಕ್ಯಾಂಪಸ್ ನೇಮಕಾತಿಯಿರಲಿ, ಈ ಲೆಕ್ಕದಲ್ಲಿ ನಿಮ್ಮ ಪಾಲಿಗೆ ಬರುವುದು ಒಂದೂವರೆ ನಿಮಿಷ. ಅದನ್ನು ಎಲ್ಲಿ ಖರ್ಚು ಮಾಡುತ್ತೀರಿ?

ವಿಷಯ ‘ಬೆಂಗಳೂರಿಗೆ ದಟ್ಟಣೆ ಶುಲ್ಕ ಬೇಕೆ?’ ಎಂದಿಟ್ಟುಕೊಳ್ಳಿ. ಮೊದಲು ಮಾತೆತ್ತುವವರಿಗೆ ಯಾರನ್ನೂ ತಡೆಯದೆ ಮಾತಾಡುವ ಅವಕಾಶ ಸಿಗುತ್ತದೆ. ಆದರೆ ‘ಬೆಂಗಳೂರು ಉದ್ಯಾನ ನಗರಿ’ ಎಂದು ಶುರುಮಾಡಿದರೆ ಅದು ದಂಡ. ‘ಶುಲ್ಕ ಯಾರಿಗೆ, ಯಾವ ಹೊತ್ತಿನಲ್ಲಿ, ಬಂದ ಹಣ ಎಲ್ಲಿಗೆ ಅಂತ ನೋಡೋಣವೇ?’ ಎಂದು ಇಪ್ಪತ್ತೇ ಸೆಕೆಂಡಿನಲ್ಲಿ ಹೇಳಿ ಬಿಟ್ಟುಕೊಟ್ಟರೆ ಉಳಿದವರು ಆ ದಾರಿಯಲ್ಲೇ ನಡೆಯುತ್ತಾರೆ. ಇಂಥ ಚೌಕಟ್ಟು ತಲೆಯಲ್ಲಿ ಇಲ್ಲದಿದ್ದರೆ ಮೊದಲಿಗರಾಗುವ ಹಟ ಬೇಡ.

ಮೂರನೆಯವರೋ ನಾಲ್ಕನೆಯವರೋ ಆಗಿ ಸೇರುವುದು ನನಗೆ ಹೆಚ್ಚು ಇಷ್ಟ. ಒಬ್ಬರು ‘ಲಂಡನ್ನಿನಲ್ಲಿ 2003ರಿಂದಲೇ ಇದೆ’ ಅಂದರು, ಇನ್ನೊಬ್ಬರು ‘ನಮ್ಮಲ್ಲಿ ಬಸ್ಸೇ ಸಾಲದು’ ಅಂದರು. ಅವರ ವಾಕ್ಯ ಮುಗಿಯುವ ಹೊತ್ತಿಗೆ ಸ್ವಲ್ಪ ಮುಂದೆ ಬಾಗಿ, ‘ಇಬ್ಬರ ಮಾತೂ ಸೇರುತ್ತದೆ. ಲಂಡನ್ನಿನಲ್ಲಿ ಆ ಹಣ ಸಾರಿಗೆಗೇ ಹೋಗುತ್ತದೆ. ಇಲ್ಲಿ ಬಸ್ಸಿಗೆ ಹೋದರೆ?’ ಎನ್ನಿ. ತಡೆದಂತೆಯೂ ಆಗಲಿಲ್ಲ, ಸುಮ್ಮನೆ ಕೂತಂತೆಯೂ ಆಗಲಿಲ್ಲ.

ಇಲ್ಲಿನ ಅಪಾಯ, ಕಾಯುತ್ತ ಕೂತುಬಿಡುವುದು. ನೀವು ಕಾಗದದಲ್ಲಿ ಗೀಚಿಕೊಂಡ ಎರಡು ಅಂಶ ಬೇರೆಯವರ ಬಾಯಲ್ಲಿ ಬಂದುಹೋದರೆ ತಡವಾಯಿತೆಂದೇ ಅರ್ಥ. ಆಗ ಹೊಸ ಅಂಶಕ್ಕೆ ತಡಕಾಡಬೇಡಿ. ಇನ್ನೂ ಬಾಯಿ ತೆರೆಯದವರತ್ತ ನೋಡಿ, ‘ಆಟೋ ಓಡಿಸುವವರ ಕಡೆಯಿಂದ ಇದು ಹೇಗೆ ಕಾಣುತ್ತದೆ, ನೀವೇನಂತೀರಿ?’ ಎಂದು ಕೇಳಿ.